ಹೋಳಿ ಬಣ್ಣದ ಬೋರ್ಡ್‌ನಲ್ಲಿ ಏನು ಬರೆಯಬೇಕು, ಏನು ಬರೆಯಬಾರದು: ಬೆಂಗಳೂರಿನ ದಿನಸಿ ಅಂಗಡಿಯವರಿಗೆ

ಹೋಳಿ ಹಬ್ಬ ಹತ್ತಿರ ಬಂತು ಅಂದರೆ ಬೆಂಗಳೂರಿನ ಸುಮಾರು ದಿನಸಿ ಅಂಗಡಿಗಳ ಮುಂದೆ ಒಂದೇ ಥರದ ಬೋರ್ಡ್ ಏಳುತ್ತದೆ. 'ನೂರಕ್ಕೆ ನೂರು ನೈಸರ್ಗಿಕ ಬಣ್ಣ, ಚರ್ಮಕ್ಕೆ ಸಂಪೂರ್ಣ ಸುರಕ್ಷಿತ, ಮಕ್ಕಳಿಗೆ ಯಾವ ತೊಂದರೆಯೂ ಇಲ್ಲ.' ಬೋರ್ಡ್ ಬರೆಸಿದವರನ್ನು ಕೇಳಿದರೆ ಪ್ಯಾಕೆಟ್ ಮೇಲೆ ಹಾಗೇ ಇದೆ ಅನ್ನುತ್ತಾರೆ. ಪ್ಯಾಕೆಟ್ ಕೊಟ್ಟ ಹೋಲ್‌ಸೇಲ್‌ನವರನ್ನು ಕೇಳಿದರೆ ಕಂಪನಿಯವರು ಹಾಗೆ ಹೇಳಿದ್ದಾರೆ ಅನ್ನುತ್ತಾರೆ. ಒಳಗೆ ಏನಿದೆ ಅಂತ ನೋಡಿದವರು ಯಾರೂ ಇಲ್ಲ.

ಅಂಗಡಿಯವರು ಇದನ್ನು ಸರಿಯಾಗಿ ಮಾಡಬಹುದು. ದೊಡ್ಡ ಖರ್ಚೂ ಇಲ್ಲ. ಬೋರ್ಡ್‌ನಲ್ಲಿ ಬಣ್ಣ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ಭರವಸೆ ಕೊಡುವ ಬದಲು, ಅದರೊಳಗೆ ಏನಿದೆ ಅಂತ ಬರೆಯಿರಿ. ಅದನ್ನು ಬರೆಯಲು ಮೊದಲು ಗೊತ್ತಿರಬೇಕು. ಆದ್ದರಿಂದ ಕೆಲಸ ಶುರುವಾಗುವುದು ಪೇಂಟರ್ ಹತ್ತಿರ ಅಲ್ಲ, ಸರಕು ತರುವ ಜಾಗದಲ್ಲಿ.

ಮೂರು ವಾರ ಮುಂಚೆ: ಸರಕು ಆರಿಸುವುದು

ಮಾಮೂಲ್‌ಪೇಟೆ, ಚಿಕ್ಕಪೇಟೆ ಸುತ್ತಮುತ್ತ ಸಿಗುವ ಒಣ ಬಣ್ಣವನ್ನು ಮೂರು ಗುಂಪು ಮಾಡಿಕೊಳ್ಳಿ.

ಮೊದಲನೆಯದು, ಹೆಸರಿಲ್ಲದ ಮೂಟೆ. ಪ್ಲಾಸ್ಟಿಕ್ ಚೀಲದಲ್ಲಿ ಲೂಸ್ ಆಗಿ ಬರುತ್ತದೆ. ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಏನು ಹಾಕಿದ್ದು, ಒಂದೂ ಇರುವುದಿಲ್ಲ. ಬೆಲೆ ಕಮ್ಮಿ, ಬಣ್ಣ ಮಾತ್ರ ಕಣ್ಣು ಕುಕ್ಕುವಷ್ಟು ಗಾಢ. ಬಟ್ಟೆ, ಚರ್ಮ, ಕಾಗದಕ್ಕೆ ಹಾಕುವ ಕೈಗಾರಿಕೆ ಬಣ್ಣ ಇದರಲ್ಲಿ ಸೇರಿರಬಹುದು. ಬಣ್ಣ ಹಿಡಿಸುವ ಪುಡಿಯ ಜಾಗದಲ್ಲಿ ಸೀಮೆಸುಣ್ಣದ ಪುಡಿ, ಕಲ್ಲಿನ ಪುಡಿ ಇರಬಹುದು. ಹೊಳಪಿಗೆ ಅಭ್ರಕ ಬೆರೆಸಿರಬಹುದು.

ಎರಡನೆಯದು, ಬ್ರಾಂಡ್ ಪ್ಯಾಕೆಟ್‌ನ ಗುಲಾಲ್. ಉತ್ತರ ಪ್ರದೇಶದ ಹಾಥ್‌ರಸ್ ಈ ವ್ಯಾಪಾರಕ್ಕೆ ಹೆಸರುವಾಸಿ. ಇದರಲ್ಲಿ ಬಹಳಷ್ಟು ಮೆಕ್ಕೆಜೋಳದ ಪಿಷ್ಟ, ಅಂದರೆ ನಾವು ಸೂಪ್ ಗಟ್ಟಿ ಮಾಡಲು ಹಾಕುವ ಕಾರ್ನ್‌ಫ್ಲೋರ್. ಅದಕ್ಕೆ ಕೃತಕ ಬಣ್ಣ ಹಿಡಿಸಿ, ಒಣಗಿಸಿ, ಸುವಾಸನೆ ಸೇರಿಸಿರುತ್ತಾರೆ. ಒಳ್ಳೆಯ ತಯಾರಕರು ಆಹಾರದಲ್ಲಿ ಬಳಸಲು ಅನುಮತಿ ಇರುವ ಬಣ್ಣವನ್ನೇ ಹಾಕುತ್ತಾರೆ. 'ಹರ್ಬಲ್ ಗುಲಾಲ್' ಅಂತ ಮಾರಾಟವಾಗುವ ಎಷ್ಟೋ ಪ್ಯಾಕೆಟ್ ಈ ಗುಂಪಿನದು. ಇದು ಕೆಟ್ಟ ಸರಕಲ್ಲ. ಆದರೆ ನೈಸರ್ಗಿಕ ಬಣ್ಣವೂ ಅಲ್ಲ. ಪುಡಿ ಗಿಡದಿಂದ ಬಂದಿದೆ, ಬಣ್ಣ ಬಂದಿಲ್ಲ.

ಮೂರನೆಯದು, ಬಣ್ಣವೂ ಗಿಡದಿಂದಲೇ ಬಂದ ಪುಡಿ. ಅರಿಶಿನ, ಬೀಟ್‌ರೂಟ್, ಮುತ್ತುಗದ ಹೂವು, ದಾಸವಾಳ, ಮೆಹಂದಿ ಸೊಪ್ಪು, ಶಂಖಪುಷ್ಪ. ಸಣ್ಣ ತಯಾರಕರು, ಮಹಿಳಾ ಸಂಘದವರು ಮಾಡುತ್ತಾರೆ. ಬೆಲೆ ಜಾಸ್ತಿ, ಬಣ್ಣ ಮೆತ್ತಗೆ. ಹಸಿರು ಅಂದರೆ ಒಣಗಿದ ಎಲೆಯ ಹಸಿರು, ಗುಲಾಬಿ ಅಂದರೆ ಮಾಸಲು ಗುಲಾಬಿ. ಗ್ರಾಹಕರಿಗೆ ಇದನ್ನು ಮೊದಲೇ ಹೇಳದಿದ್ದರೆ ಹಬ್ಬದ ದಿನ ಬಂದು 'ಬಣ್ಣವೇ ಹತ್ತಲ್ಲ ಕಣ್ರೀ, ಹಳೇ ಮಾಲು ಕೊಟ್ಟಿದ್ದೀರಾ' ಅಂತ ಕೇಳುತ್ತಾರೆ.

ನನ್ನ ಮಾತು ಕೇಳಿದರೆ ಮೊದಲನೇ ಗುಂಪನ್ನು ಅಂಗಡಿಗೆ ತರಲೇಬೇಡಿ. ಚರ್ಮದ ವಿಷಯ ಬಿಡಿ, ಕಾನೂನಿನ ಲೆಕ್ಕದಲ್ಲೂ ಅದು ನಿಮ್ಮ ತಲೆಗೇ ಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೇ ಸೆಕ್ಷನ್ ಪ್ರಕಾರ, ಮಾರಿದ ವಸ್ತುವಿನಿಂದ ಯಾರಿಗಾದರೂ ಹಾನಿಯಾಗಿ, ತಯಾರಕರು ಯಾರು ಅಂತಲೇ ಗೊತ್ತಿಲ್ಲದಿದ್ದರೆ ಮಾರಿದವರು ಹೊಣೆ ಹೊರಬೇಕಾಗುತ್ತದೆ. ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ. ತಯಾರಕರು ಕೊಟ್ಟ ಭರವಸೆಯ ಮೇಲೆ ಅಂಗಡಿಯವರು ತಮ್ಮದೇ ಭರವಸೆ ಸೇರಿಸಿ, ವಸ್ತು ಹಾಗಿಲ್ಲದೆ ಹಾನಿಯಾದರೆ, ಅದಕ್ಕೂ ಅಂಗಡಿಯವರೇ ಹೊಣೆ. 'ಮಗುವಿನ ಚರ್ಮಕ್ಕೂ ಏನೂ ಆಗಲ್ಲ' ಅಂತ ನೀವು ಬೋರ್ಡ್ ಬರೆಸಿದರೆ ಅದು ನಿಮ್ಮ ಭರವಸೆ. ವಾಟ್ಸಾಪ್‌ನಲ್ಲಿ ಕಳಿಸಿದರೂ ಅಷ್ಟೇ.

ಹೋಲ್‌ಸೇಲ್‌ನವರನ್ನು ಏನು ಕೇಳಬೇಕು

'ಒಳ್ಳೇ ಮಾಲಾ?' ಅಂತ ಕೇಳಿದರೆ 'ಒಳ್ಳೇ ಮಾಲೇ ಸಾರ್' ಅನ್ನುವ ಉತ್ತರ ಬರುತ್ತದೆ. ಅದರ ಬದಲು ಎರಡು ವಿಷಯ ಕೇಳಿ.

ಒಂದು, ಪದಾರ್ಥಗಳ ಪಟ್ಟಿ. ಪ್ಯಾಕೆಟ್ ಮೇಲೆ 'ಹರ್ಬಲ್ ಪದಾರ್ಥಗಳು' ಅಂತ ಮಾತ್ರ ಇದ್ದರೆ ಅದು ಪಟ್ಟಿ ಅಲ್ಲ. ಯಾವ ಪುಡಿ, ಯಾವ ಬಣ್ಣ, ಸುವಾಸನೆ ಇದೆಯೋ ಇಲ್ಲವೋ, ಇಷ್ಟು ಬೇಕು. ಅದರ ಜೊತೆ ತಯಾರಕರ ಅಥವಾ ಪ್ಯಾಕ್ ಮಾಡಿದವರ ಹೆಸರು ವಿಳಾಸ, ನಿವ್ವಳ ತೂಕ, ತಯಾರಿಸಿದ ತಿಂಗಳು ವರ್ಷ, ಎಂಆರ್‌ಪಿ, ದೂರು ಕೊಡುವ ನಂಬರ್ ಇರಬೇಕು. ಪ್ಯಾಕೆಟ್ ಸರಕಿಗೆ ಇವೆಲ್ಲ ತೂಕ ಅಳತೆ ನೋಡಿಕೊಳ್ಳುವ ಕಾನೂನು ಮಾಪನ ಇಲಾಖೆಯ ನಿಯಮದಲ್ಲೇ ಇರುವ ವಿಷಯ. ಇನ್ನೊಂದು ಮಾತು. ದೊಡ್ಡ ಚೀಲ ತಂದು ಅಂಗಡಿಯಲ್ಲೇ ನೂರು ಗ್ರಾಂ ಕವರ್ ಕಟ್ಟಿ ಮಾರಿದರೆ ಪ್ಯಾಕ್ ಮಾಡಿದವರು ನೀವೇ ಆಗುತ್ತೀರಿ. ಈ ವಿವರ ಎಲ್ಲ ನೀವು ಹಾಕಬೇಕು, ಅದೇ ಇಲಾಖೆಯಲ್ಲಿ ನೋಂದಣಿಯೂ ಬೇಕು. ಒಂದು ಹಬ್ಬಕ್ಕೋಸ್ಕರ ಆ ಕೆಲಸ ಬೇಡ.

ಎರಡು, ಪರೀಕ್ಷಾ ವರದಿ. ವಾಟ್ಸಾಪ್‌ನಲ್ಲಿ ಪಿಡಿಎಫ್ ಕಳಿಸುತ್ತಾರೆ. ತೆರೆದು ನೋಡಿ. ಯಾವ ಪ್ರಯೋಗಾಲಯ, ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಅದಕ್ಕೆ ಇದೆಯಾ, ಯಾವ ದಿನಾಂಕ, ಯಾವ ಬ್ಯಾಚ್. ವರದಿಯ ಬ್ಯಾಚ್ ನಂಬರ್ ನಿಮ್ಮ ಪ್ಯಾಕೆಟ್‌ನ ಬ್ಯಾಚ್ ನಂಬರ್‌ಗೆ ಹೊಂದಬೇಕು. ಇಲ್ಲೇ ಎಷ್ಟೋ ವರದಿ ಬಿದ್ದುಹೋಗುತ್ತವೆ. ಹಳೇ ವರ್ಷದ ಗುಲಾಬಿ ಬಣ್ಣದ ವರದಿ ತೋರಿಸಿ ಈ ವರ್ಷದ ಹಸಿರು, ನೀಲಿ, ಹಳದಿ ಎಲ್ಲ ಮಾರುತ್ತಾರೆ. ಒಂದೊಂದು ಬಣ್ಣಕ್ಕೆ ಹಾಕುವ ವಸ್ತು ಬೇರೆ ಬೇರೆ. ಗುಲಾಬಿ ಪಾಸಾದರೆ ಹಸಿರೂ ಪಾಸು ಅಂತ ಅಲ್ಲ.

ವರದಿಯಲ್ಲಿ ಸೀಸ, ಆರ್ಸೆನಿಕ್, ಪಾದರಸ, ಕ್ಯಾಡ್ಮಿಯಂ ಇವುಗಳ ಸಾಲು ಇದೆಯಾ ನೋಡಿ. ಅಳತೆಗೆ ಒಂದು ಹೋಲಿಕೆ ಇಟ್ಟುಕೊಳ್ಳಿ: ಸೌಂದರ್ಯವರ್ಧಕಗಳಿಗೆ ಹಾಕುವ ಬಣ್ಣದಲ್ಲಿ ಸೀಸ 20 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 20 ಭಾಗ, ಆರ್ಸೆನಿಕ್ 2 ಪಿಪಿಎಂ ದಾಟಬಾರದು ಅಂತ ನಮ್ಮ ದೇಶದ ನಿಯಮ. 'ಚರ್ಮತಜ್ಞರಿಂದ ಪರೀಕ್ಷಿಸಿದ್ದು' ಅಂತ ಪ್ಯಾಕೆಟ್ ಹೇಳಿದರೆ ಅದರ ವರದಿ ಬೇರೆಯೇ ಇರುತ್ತದೆ. ಅದು ಜನರ ಚರ್ಮದ ಮೇಲೆ ಹಚ್ಚಿ ನೋಡಿದ ಪರೀಕ್ಷೆ. ಲೋಹದ ವರದಿ ತೋರಿಸಿ ಇದೇ ಅದು ಅಂದರೆ ಒಪ್ಪಬೇಡಿ.

ಅಂಗಡಿಯಲ್ಲೇ ಮಾಡುವ ಎರಡು ಪರೀಕ್ಷೆ

ಇವು ಪ್ರಯೋಗಾಲಯದ ಬದಲಿಗೆ ಅಲ್ಲ. ಸೀಸ ಇದೆಯೋ ಇಲ್ಲವೋ ಗಾಜಿನ ಲೋಟದಲ್ಲಿ ಕಾಣುವುದಿಲ್ಲ. ಆದರೆ ಪ್ಯಾಕೆಟ್ ಹೇಳುವ ಮಾತಿಗೂ ಒಳಗಿನ ಪುಡಿಗೂ ಸಂಬಂಧ ಇದೆಯಾ ಅಂತ ತಿಳಿಯಲು ಸಾಕು.

ಮೊದಲನೆಯದು ನೀರು ಮತ್ತು ಅಯೋಡಿನ್. ಗಾಜಿನ ಲೋಟಕ್ಕೆ ಅರ್ಧ ನೀರು ಹಾಕಿ, ಅರ್ಧ ಚಮಚ ಗುಲಾಲ್ ಹಾಕಿ ಕಲಸಿ ಹತ್ತು ನಿಮಿಷ ಬಿಡಿ. ಬಣ್ಣ ನೀರಿಗೆ ಇಳಿದು, ಕೆಳಗೆ ಬೆಳ್ಳಗಿನ ಪುಡಿ ಕೂತರೆ ಅದು ಬಣ್ಣ ಹಿಡಿಸಿದ ಪುಡಿ. ಮೇಲಿನ ನೀರು ಚೆಲ್ಲಿ ಇನ್ನೆರಡು ಸಲ ತೊಳೆಯಿರಿ. ಉಳಿದ ಪುಡಿ ಮೇಲೆ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಅಯೋಡಿನ್ ದ್ರಾವಣ ಒಂದು ಹನಿ ಬಿಡಿ. ಕಪ್ಪು ನೀಲಿಗೆ ತಿರುಗಿದರೆ ಪಿಷ್ಟ. ಅಯೋಡಿನ್‌ನ ಕಂದು ಬಣ್ಣವೇ ಉಳಿದರೆ ಪಿಷ್ಟ ಅಲ್ಲ. ಆಗ ಬೆರಳಿನಲ್ಲಿ ಉಜ್ಜಿ ನೋಡಿ, ಮರಳಿನ ಹಾಗೆ ತರಿತರಿ ಸಿಗುತ್ತಾ ಅಂತ. ಒಂದೆರಡು ಹನಿ ವಿನೆಗರ್ ಬಿಟ್ಟಾಗ ನೊರೆ ಎದ್ದರೆ ಸೀಮೆಸುಣ್ಣದ ಥರದ ಪುಡಿ. ತರಿತರಿ ಪುಡಿ ಕಣ್ಣಿಗೆ ಬಿದ್ದು ಉಜ್ಜಿಕೊಂಡರೆ ಗೀರು ಬೀಳುತ್ತದೆ. ಬಣ್ಣ ಯಾವುದೇ ಇರಲಿ, ಅಂಥದ್ದನ್ನು ವಾಪಸ್ ಕಳಿಸಿ.

ಎರಡನೆಯದು ಸುಣ್ಣದ ತಿಳಿ. ಇದು 'ನೈಸರ್ಗಿಕ' ಅಂತ ಬಂದ ಮೂರನೇ ಗುಂಪಿಗೆ. ಎಲೆ ಅಡಿಕೆಗೆ ಹಾಕುವ ಸುಣ್ಣ ಕಡಲೆಕಾಳಿನಷ್ಟು ತೆಗೆದು ಅರ್ಧ ಲೋಟ ನೀರಿಗೆ ಕಲಸಿ. ತಿಳಿಯಾದ ಮೇಲೆ ಮೇಲಿನ ನೀರನ್ನು ಚಮಚದಲ್ಲಿ ತೆಗೆದುಕೊಳ್ಳಿ. ಬಿಳಿ ಪಿಂಗಾಣಿ ತಟ್ಟೆ ಮೇಲೆ ಒಂದೊಂದು ಚಿಟಿಕೆ ಬಣ್ಣ ಇಟ್ಟು, ಪ್ರತಿಯೊಂದಕ್ಕೂ ಈ ತಿಳಿ ನಾಲ್ಕು ಹನಿ ಬಿಡಿ. ಅರಿಶಿನ ಇದ್ದರೆ ಹಳದಿ ಕೆಂಪಾಗುತ್ತದೆ. ಕುಂಕುಮ, ಆರತಿ ನೀರು ಮಾಡುವವರಿಗೆ ಇದು ಗೊತ್ತಿರುವುದೇ. ಬೀಟ್‌ರೂಟ್‌ನ ಗುಲಾಬಿ ಹಳದಿ ಕಡೆಗೆ ಹೋಗುತ್ತದೆ. ದಾಸವಾಳದ ಬಣ್ಣ ಹಸಿರು ಛಾಯೆಗೆ ತಿರುಗುತ್ತದೆ. 'ಬೀಟ್‌ರೂಟ್ ಗುಲಾಲ್' ಅಂತ ಬರೆದ ಗುಲಾಬಿ, ಸುಣ್ಣದ ತಿಳಿ ಬಿದ್ದ ಮೇಲೂ ಅಷ್ಟೇ ಗುಲಾಬಿಯಾಗಿ ಹೊಳೆಯುತ್ತಿದ್ದರೆ ಆ ಗುಲಾಬಿ ಬೇರೆಲ್ಲಿಂದಲೋ ಬಂದಿದೆ. ಸುಣ್ಣದ ತಿಳಿ ಚರ್ಮಕ್ಕೆ, ಕಣ್ಣಿಗೆ ಉರಿ ತರುತ್ತದೆ, ಪರೀಕ್ಷೆ ಆದ ಮೇಲೆ ಕೈ ತೊಳೆದುಕೊಳ್ಳಿ, ಕಣ್ಣಿಗೆ ತಾಗಿಸಿಕೊಳ್ಳಬೇಡಿ.

ಇದರ ಮಿತಿಯನ್ನೂ ತಿಳಿದಿರಿ. ಹಳದಿ ಕೆಂಪಾದರೆ ಅರಿಶಿನ ಇದೆ ಅಂತ ಗೊತ್ತಾಗುತ್ತದೆ, ಬೇರೆ ಹಳದಿ ಬೆರೆಸಿಲ್ಲ ಅಂತ ಗೊತ್ತಾಗುವುದಿಲ್ಲ. ಹಸಿರಿಗೆ ಈ ಪರೀಕ್ಷೆ ಕೆಲಸಕ್ಕೆ ಬರುವುದಿಲ್ಲ. ಹಸಿರು ಎಳೆಯ ಬಾಳೆ ಎಲೆಯಷ್ಟು ಹೊಳೆಯುತ್ತಿದ್ದರೆ ಅದು ಒಣಗಿಸಿದ ಸೊಪ್ಪಿನಿಂದ ಬಂದಿರಲಾರದು ಅಂತ ಕಣ್ಣಿನಿಂದಲೇ ಹೇಳಬಹುದು.

ಕಣ್ಣು ಕುಕ್ಕುವ ಗುಲಾಬಿ ಅಂದಾಗ ಒಂದು ಹೆಸರು ನೆನಪಿರಲಿ, ರೋಡಮಿನ್ ಬಿ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ಬಣ್ಣ ಹಾಕುವುದರ ಮೇಲೆ ಸರ್ಕಾರ ಕ್ರಮ ತೆಗೆದುಕೊಂಡಿತಲ್ಲ, ಆಗ ಸುದ್ದಿಯಾದದ್ದು ಇದೇ. ಇದು ಬಟ್ಟೆಗೆ ಹಾಕುವ ಬಣ್ಣ. ಅಗ್ಗದ ಗುಲಾಬಿ ಗುಲಾಲ್‌ನಲ್ಲೂ ಇದು ಇರಬಹುದು.

ಬೋರ್ಡ್ ಬರೆಯುವುದು: ಒಂದು ಅಂಗಡಿಯ ಲೆಕ್ಕ

ಸರ್ಜಾಪುರ ರಸ್ತೆ ಕಡೆಯ ಒಂದು ದಿನಸಿ ಅಂಗಡಿ ಅಂದುಕೊಳ್ಳಿ. ಎದುರಿಗೆ ಎರಡು ಅಪಾರ್ಟ್‌ಮೆಂಟ್, ಹಿಂದೆ ಹಳೇ ಊರಿನ ಬೀದಿ. ಅಪಾರ್ಟ್‌ಮೆಂಟ್‌ನಲ್ಲಿ ಉತ್ತರ ಭಾರತದ ಕುಟುಂಬಗಳು ಜಾಸ್ತಿ, ಹಿಂದಿನ ಬೀದಿಯಲ್ಲಿ ಹುಬ್ಬಳ್ಳಿ, ಬಾಗಲಕೋಟೆ ಕಡೆಯಿಂದ ಬಂದವರು. ಅಂಗಡಿಗೆ ಎರಡು ಸರಕು ಬಂದಿವೆ. ಒಂದು, ಕಾರ್ನ್ ಪಿಷ್ಟದ ಗುಲಾಲ್, ನೂರು ಗ್ರಾಂ ಪ್ಯಾಕೆಟ್, ಐದು ಬಣ್ಣ. ಪ್ಯಾಕೆಟ್ ಮೇಲೆ 'ನ್ಯಾಚುರಲ್, ಹರ್ಬಲ್, ಸ್ಕಿನ್ ಸೇಫ್' ಅಂತ ದೊಡ್ಡದಾಗಿ ಇದೆ. ಹಿಂದೆ ಸಣ್ಣ ಅಕ್ಷರದಲ್ಲಿ ಪಿಷ್ಟ, ಅನುಮತಿ ಇರುವ ಆಹಾರ ಬಣ್ಣ, ಸುವಾಸನೆ ಅಂತ ಇದೆ. ಐದರಲ್ಲಿ ನಾಲ್ಕು ಬಣ್ಣಕ್ಕೆ ಬ್ಯಾಚ್ ಹೊಂದುವ ವರದಿ ಸಿಕ್ಕಿದೆ, ನೇರಳೆಗೆ ಸಿಕ್ಕಿಲ್ಲ. ಇನ್ನೊಂದು, ಸಂಘದವರು ಮಾಡಿದ ಅರಿಶಿನ, ಬೀಟ್‌ರೂಟ್, ಮುತ್ತುಗದ ಪುಡಿ. ಸುಣ್ಣದ ತಿಳಿಗೆ ಅರಿಶಿನ, ಬೀಟ್‌ರೂಟ್ ಎರಡೂ ಸರಿಯಾಗಿ ತಿರುಗಿವೆ. ಪದಾರ್ಥ ಬರೆದಿದ್ದಾರೆ, ಲೋಹದ ವರದಿ ಇಲ್ಲ.

ನೇರಳೆಯನ್ನು ವಾಪಸ್ ಕಳಿಸುವುದು ಸುಲಭ. ಉಳಿದದ್ದಕ್ಕೆ ಬೋರ್ಡ್ ಹೇಗೆ ಬರೆಯಬೇಕು? ಪ್ಯಾಕೆಟ್‌ನ ದೊಡ್ಡ ಅಕ್ಷರ ಬಿಟ್ಟು ಸಣ್ಣ ಅಕ್ಷರವನ್ನು ಬೋರ್ಡ್‌ಗೆ ತನ್ನಿ. ಗುಲಾಲ್‌ಗೆ ಹೀಗೆ:

> ಮೆಕ್ಕೆಜೋಳದ ಪಿಷ್ಟದ ಗುಲಾಲ್
> ಬಣ್ಣ: ಆಹಾರಕ್ಕೆ ಅನುಮತಿ ಇರುವ ಕೃತಕ ಬಣ್ಣ. ಸುವಾಸನೆ ಸೇರಿಸಿದೆ.
> ಸೀಸ, ಆರ್ಸೆನಿಕ್ ಮುಂತಾದವುಗಳ ಪರೀಕ್ಷೆ ಆಗಿದೆ. ವರದಿ ಗಲ್ಲಾ ಹತ್ತಿರ ಇದೆ, ನೋಡಬಹುದು.
> ತಿನ್ನುವುದಕ್ಕಲ್ಲ. ಹಿಂದಿನ ದಿನ ಕೈಗೆ ಹಚ್ಚಿ ನೋಡಿ.

'ತಿನ್ನುವುದಕ್ಕಲ್ಲ' ಅನ್ನುವ ಸಾಲು ಬಿಡಬೇಡಿ. ಆಹಾರದ ಬಣ್ಣ ಅಂತ ಓದಿದವರು ಮಗು ಬಾಯಿಗೆ ಹಾಕಿಕೊಂಡರೂ ಪರವಾಗಿಲ್ಲ ಅಂದುಕೊಳ್ಳುತ್ತಾರೆ.

ಸಂಘದವರ ಪುಡಿಗೆ ಹೀಗೆ:

> ಅರಿಶಿನ, ಬೀಟ್‌ರೂಟ್, ಮುತ್ತುಗದ ಹೂವಿನ ಬಣ್ಣ
> ಕೃತಕ ಬಣ್ಣ ಸೇರಿಸಿಲ್ಲ ಎಂದು ತಯಾರಕರು ಬರೆದಿದ್ದಾರೆ.
> ಬಣ್ಣ ಮೆತ್ತಗಿರುತ್ತದೆ, ಗಾಢವಾಗಿ ಹತ್ತುವುದಿಲ್ಲ. ಅರಿಶಿನ ಬಿಳಿ ಬಟ್ಟೆಯಿಂದ ಬೇಗ ಹೋಗುವುದಿಲ್ಲ.
> ಗಿಡದ ಬಣ್ಣವೂ ಕೆಲವರಿಗೆ ಒಗ್ಗುವುದಿಲ್ಲ. ಹಿಂದಿನ ದಿನ ಕೈಗೆ ಹಚ್ಚಿ ನೋಡಿ.

ಇಷ್ಟೆಲ್ಲ ಬರೆದರೆ ಯಾರು ಕೊಳ್ಳುತ್ತಾರೆ ಅಂತ ಅನ್ನಿಸಬಹುದು. ಆದರೆ ಬೆಲೆ ಜಾಸ್ತಿ ಕೊಡಲು ತಯಾರಿರುವವರೇ ಈ ಪ್ರಶ್ನೆಗಳನ್ನು ಕೇಳುವವರು. ಸಣ್ಣ ಮಗು ಇರುವ ತಾಯಿ ಗಲ್ಲಾ ಮುಂದೆ ನಿಂತು ಪ್ಯಾಕೆಟ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದುತ್ತಾರೆ. ಅವರು ಹುಡುಕುತ್ತಿರುವುದು ನಿಮ್ಮ ಬೋರ್ಡ್ ಮೇಲೇ ಸಿಕ್ಕಿದರೆ ಅವರಿಗೂ ಸಮಾಧಾನ, ನಿಮಗೂ ಮಾತು ಕಮ್ಮಿ. 'ಬಣ್ಣ ಮೆತ್ತಗಿರುತ್ತದೆ' ಅನ್ನುವ ಸಾಲು ಸರಕನ್ನು ಕೆಳಗಿಳಿಸುವುದಿಲ್ಲ. ಅದು ಗಿಡದ ಬಣ್ಣದ ಗುರುತು.

ಕೆಲವು ಮಾತು ಎಲ್ಲೂ ಬರೆಯಬೇಡಿ. 'ನೂರಕ್ಕೆ ನೂರು ಸುರಕ್ಷಿತ' ಬೇಡ, ಅಲರ್ಜಿ ಯಾರಿಗೆ ಯಾವುದಕ್ಕೆ ಬರುತ್ತದೆ ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. 'ಕೆಮಿಕಲ್ ಇಲ್ಲ' ಬೇಡ, ಪಿಷ್ಟ ಗುಲಾಲ್‌ನ ಬಣ್ಣವೇ ಕೆಮಿಕಲ್. 'ಕಣ್ಣಿಗೆ ಹೋದರೂ ಏನೂ ಆಗಲ್ಲ' ಖಂಡಿತ ಬೇಡ. 'ಪರಿಸರ ಸ್ನೇಹಿ' ಅನ್ನುವುದನ್ನೂ ಸುಮ್ನೆ ಹಾಕಬೇಡಿ. ಇಂಥ ಮಾತಿಗೆ ಆಧಾರ ತೋರಿಸಬೇಕು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರಲ್ಲಿ ಮಾರ್ಗಸೂಚಿ ತಂದಿದೆ. ಇದರ ಬದಲು ಬೆಂಗಳೂರಿಗೆ ಹೊಂದುವ ಒಂದು ನೇರ ಮಾತು ಬರೆಯಬಹುದು: 'ಒಣ ಬಣ್ಣ, ನೀರು ಬೇಕಿಲ್ಲ.' 2024ರ ಬೇಸಿಗೆಯ ನೀರಿನ ಬರದಲ್ಲಿ, ಹೋಳಿ ಸಮಯಕ್ಕೆ ಕಾವೇರಿ ಮತ್ತು ಬೋರ್‌ವೆಲ್ ನೀರಲ್ಲಿ ರೈನ್ ಡ್ಯಾನ್ಸ್ ಮಾಡಬೇಡಿ ಅಂತ ಜಲಮಂಡಳಿ ಕೇಳಿಕೊಂಡಿತ್ತು. ಅಪಾರ್ಟ್‌ಮೆಂಟ್ ಸಂಘದವರು ಅದನ್ನು ಮರೆತಿಲ್ಲ.

ವಾಟ್ಸಾಪ್ ಸಂದೇಶಕ್ಕೂ ಇದೇ ಅಳತೆ. ಕನ್ನಡದಲ್ಲಿ ಬರೆದದ್ದನ್ನು ಹಿಂದಿಗೆ, ಇಂಗ್ಲಿಷ್‌ಗೆ ತಿರುಗಿಸುವಾಗ 'ಕೃತಕ ಬಣ್ಣ' ಅನ್ನುವುದು ಬಿಟ್ಟುಹೋಗಿ 'ಹರ್ಬಲ್' ನುಸುಳುತ್ತದೆ. ಕಳಿಸುವ ಮುಂಚೆ ಮೂರನ್ನೂ ಪಕ್ಕದಲ್ಲಿ ಇಟ್ಟು ಓದಿ.

ವಾರ ಮುಂಚೆ: ಹಚ್ಚಿ ನೋಡಲು ಕೊಡುವುದು

ರಿಯಾಯಿತಿಗಿಂತ ಚೆನ್ನಾಗಿ ಕೆಲಸ ಮಾಡುವ ಪ್ರಚಾರ ಇದು. ಪ್ರತಿ ಬಣ್ಣದ ಒಂದು ಪ್ಯಾಕೆಟ್ ಒಡೆದು ಮುಚ್ಚಳ ಇರುವ ಸಣ್ಣ ಡಬ್ಬಿಯಲ್ಲಿಡಿ. ಜೊತೆಗೆ ಹತ್ತಿ ಮತ್ತು ಸ್ವಲ್ಪ ನೀರು. ಬಂದವರ ಮುಂಗೈ ಒಳಭಾಗಕ್ಕೆ ಒಂದು ರೂಪಾಯಿ ನಾಣ್ಯದಷ್ಟು ಒದ್ದೆ ಮಾಡಿ ಹಚ್ಚಿ. ಒಂದು ಗಂಟೆ ಬಿಟ್ಟು ತೊಳೆದು, ಒಂದು ದಿನ ಪೂರ್ತಿ ನೋಡಿ ಅಂತ ಹೇಳಿ. ತುರಿಕೆ, ಕೆಂಪು, ಉರಿ ಬಂದರೆ ಆ ಬಣ್ಣ ಅವರಿಗೆ ಬೇಡ. ಏನೂ ಬರದಿದ್ದರೆ ಒಳ್ಳೆಯದು, ಆದರೆ ಮುಖಕ್ಕೂ ಹಾಗೇ ಇರುತ್ತದೆ ಅಂತ ಗ್ಯಾರಂಟಿ ಕೊಡಬೇಡಿ. ಮುಖದ ಚರ್ಮ ತೆಳು. ಕಜ್ಜಿ, ಎಕ್ಜಿಮಾ ಇರುವವರಿಗೆ, ತೀರ ಸಣ್ಣ ಮಕ್ಕಳಿಗೆ ಬಣ್ಣವೇ ಬೇಡ, ಹೂವಿನ ಎಸಳು ತೆಗೆದುಕೊಳ್ಳಿ ಅಂತ ಹೇಳಲು ಹಿಂಜರಿಯಬೇಡಿ. ಸೇವಂತಿಗೆ, ಚೆಂಡುಹೂವು ಕೆ.ಆರ್. ಮಾರುಕಟ್ಟೆಯಿಂದ ತರಿಸಿ ಕಾಲು ಕೇಜಿ ಲೆಕ್ಕದಲ್ಲಿ ಅದನ್ನೂ ಮಾರಬಹುದು.

ಸಿಹಿಯ ಭಾಗ

ಹೋಳಿಯ ಸಿಹಿ ಅಂದರೆ ಅಪಾರ್ಟ್‌ಮೆಂಟ್‌ನವರಿಗೆ ಗುಜಿಯಾ, ಠಂಡಾಯಿ. ಹಿಂದಿನ ಬೀದಿಯವರಿಗೆ ಕಾಮನ ಹುಣ್ಣಿಮೆಯ ಹೋಳಿಗೆ. ದಿನಸಿ ಅಂಗಡಿಗೆ ಒಳ್ಳೆಯ ಲಾಭ ತಯಾರಾದ ಸಿಹಿಗಿಂತ ಸಾಮಾನಿನಲ್ಲೇ ಇದೆ. ಮೈದಾ, ರವೆ, ತುಪ್ಪ, ಕೊಬ್ಬರಿ, ಗೋಡಂಬಿ, ಏಲಕ್ಕಿ ಸೇರಿಸಿ 'ಗುಜಿಯಾ ಸಾಮಾನು' ಅಂತ, ಕಡಲೆಬೇಳೆ, ಬೆಲ್ಲ, ಏಲಕ್ಕಿ ಸೇರಿಸಿ 'ಹೋಳಿಗೆ ಸಾಮಾನು' ಅಂತ ಒಂದೊಂದು ಚೀಟಿ ಮಾಡಿ. ಚೀಟಿಯಲ್ಲಿ ಎಷ್ಟು ಜನಕ್ಕೆ ಎಷ್ಟು ಅಂತ ಬರೆದು, ಒಟ್ಟು ಬೆಲೆ ಹಾಕಿ. ಉಳಿದರೆ ಹೆದರಿಕೆ ಇಲ್ಲ. ಹೋಳಿ ಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಯುಗಾದಿ ಬರುತ್ತದೆ, ಅದೇ ಬೇಳೆ ಬೆಲ್ಲಕ್ಕೆ ಮತ್ತೆ ಗಿರಾಕಿ.

ತಯಾರಾದ ಗುಜಿಯಾ ಇಡುವುದಾದರೆ ಖೋವಾ ಹಾಕಿದ್ದೋ ಇಲ್ಲವೋ ಅನ್ನುವುದು ಮುಖ್ಯ. ಖೋವಾ ಗುಜಿಯಾ ಮಾರ್ಚ್ ಸೆಖೆಯಲ್ಲಿ ಬೇಗ ಕೆಡುತ್ತದೆ. ದಿನಾ ಬೆಳಿಗ್ಗೆ ಆವತ್ತಿಗೆ ಬೇಕಾದಷ್ಟೇ ತರಿಸಿ. ರವೆ, ಕೊಬ್ಬರಿ, ಸಕ್ಕರೆಯದು ನಮ್ಮ ಕರ್ಜಿಕಾಯಿ ಹಾಗೆ, ಡಬ್ಬಿಯಲ್ಲಿ ವಾರಕ್ಕೂ ಮೇಲೆ ಇರುತ್ತದೆ. ಲೂಸ್ ಸಿಹಿಯ ತಟ್ಟೆ ಮುಂದೆ 'ಈ ದಿನದೊಳಗೆ ತಿನ್ನಿ' ಅಂತ ದಿನಾಂಕ ಇಡುವುದು 2020ರ ಅಕ್ಟೋಬರ್‌ನಿಂದ ಕಡ್ಡಾಯ. ಚೀಟಿ ದಿನಾ ಬದಲಿಸಿ. ಖೋವಾ ಬಗ್ಗೆ ಅನುಮಾನ ಬಂದರೆ ಗುಲಾಲ್‌ಗೆ ತಂದ ಅಯೋಡಿನ್ ಇದೆಯಲ್ಲ: ಚೂರು ಖೋವಾ ನೀರಲ್ಲಿ ಕುದಿಸಿ, ಆರಿಸಿ, ಒಂದೆರಡು ಹನಿ ಬಿಡಿ. ನೀಲಿಯಾದರೆ ಹಿಟ್ಟು ಬೆರೆಸಿದ್ದಾರೆ.

ಸಿಹಿಯ ಬೋರ್ಡ್‌ಗೂ 'ಶುದ್ಧ', 'ನ್ಯಾಚುರಲ್' ಬೇಡ. ಈ ಮಾತುಗಳನ್ನು ಆಹಾರದ ಮೇಲೆ ಯಾವಾಗ ಹಾಕಬಹುದು ಅನ್ನುವುದಕ್ಕೆ ಎಫ್‌ಎಸ್‌ಎಸ್‌ಎಐ ನಿಯಮ ಇದೆ. ಯಾವುದರಲ್ಲಿ ಕರಿದದ್ದು, ತುಪ್ಪವಾ ಡಾಲ್ಡಾನಾ, ಅಂತ ಬರೆಯಿರಿ. ಠಂಡಾಯಿ ಪುಡಿ ಹತ್ತಿರ ಬಾದಾಮಿ, ಪಿಸ್ತಾ ಇದೆ ಅಂತ ಒಂದು ಸಾಲು ಹಾಕಿ, ಅದು ಆಗದ ಮಕ್ಕಳಿರುತ್ತಾರೆ.

ಈ ಭಾಗದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಬಣ್ಣ ಮತ್ತು ತಿನ್ನುವ ಸಾಮಾನು ಬೇರೆ ಬೇರೆ ಇರುವುದು. ಒಂದು ಪ್ಯಾಕೆಟ್ ಒಡೆದರೂ ಗುಲಾಲ್ ಪಕ್ಕದ ರವೆ ಮೂಟೆ ಮೇಲೆ ಕೂರುತ್ತದೆ. ಬಣ್ಣವನ್ನು ಬಾಗಿಲ ಹತ್ತಿರ ಬೇರೆ ಮೇಜಿನ ಮೇಲೆ ಇಡಿ. ಬೇಳೆ ತೂಗುವ ತಕ್ಕಡಿಯಲ್ಲಿ ಬಣ್ಣ ತೂಗಬೇಡಿ. ಬಣ್ಣ ಕೊಡುವ ಹುಡುಗನೇ ಸಿಹಿ ಕಟ್ಟಬಾರದು, ಕಟ್ಟಲೇಬೇಕಾದರೆ ಸೋಪು ಹಾಕಿ ಕೈ ತೊಳೆದು ಕಟ್ಟಲಿ. ಬಣ್ಣ, ಸಿಹಿ ಎರಡೂ ಸೇರಿಸಿದ 'ಹೋಳಿ ಡಬ್ಬ' ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಒಂದೇ ಡಬ್ಬದಲ್ಲಿ ಎರಡು ದಿನ ಇದ್ದರೆ ಗುಲಾಲ್‌ನ ಸೆಂಟು ಗುಜಿಯಾಕ್ಕೆ ಹತ್ತುತ್ತದೆ. ಎರಡು ಚೀಲ ಮಾಡಿ, ಬೆಲೆ ಮಾತ್ರ ಒಟ್ಟಿಗೆ ಹಾಕಿ. ಆ ಬೆಲೆ ಎರಡರ ಎಂಆರ್‌ಪಿ ಕೂಡಿದ್ದನ್ನು ದಾಟಬಾರದು.

ಹಬ್ಬದ ದಿನ ಮತ್ತು ಆಮೇಲೆ

ಬಿಲ್ ಕೊಡುವಾಗ ಹುಡುಗರು ಬಾಯಲ್ಲಿ ಹೇಳುವ ಮಾತೂ ಬೋರ್ಡ್‌ನಷ್ಟೇ ಮುಖ್ಯ. 'ಏನೂ ಆಗಲ್ಲ ತಗೊಳ್ಳಿ ಆಂಟಿ' ಅನ್ನುವುದು ಅಭ್ಯಾಸ ಆಗಿಬಿಟ್ಟಿರುತ್ತದೆ. ಅದರ ಬದಲು ಏನು ಹೇಳಬೇಕು ಅಂತ ಮೊದಲೇ ಕಲಿಸಿ: 'ಹಚ್ಚೋ ಮುಂಚೆ ಮೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ಬರೀ ನೀರಲ್ಲಿ ತೊಳೀತಾ ಇರಿ, ಉರಿ ನಿಲ್ಲದಿದ್ದರೆ ಡಾಕ್ಟರ ಹತ್ರ ಹೋಗಿ.'

ಯಾರಾದರೂ ಬಂದು ಮೈ ಕೆಂಪಾಗಿದೆ ಅಂದರೆ ವಾದಕ್ಕೆ ಇಳಿಯಬೇಡಿ. ಯಾವ ಬಣ್ಣ, ಯಾವ ಬ್ಯಾಚ್, ಯಾವತ್ತು ಕೊಂಡದ್ದು, ಬೇರೆ ಯಾರ ಬಣ್ಣವಾದರೂ ಹಚ್ಚಿದರಾ, ಇಷ್ಟು ಬರೆದುಕೊಳ್ಳಿ. ಪ್ಯಾಕೆಟ್‌ನ ಫೋಟೋ ತೆಗೆದಿಟ್ಟುಕೊಂಡು ದುಡ್ಡು ವಾಪಸ್ ಕೊಡಿ. ಒಂದೇ ಬ್ಯಾಚ್‌ಗೆ ಎರಡನೇ ದೂರು ಬಂದರೆ ಆ ಬ್ಯಾಚ್ ಮೇಜಿನಿಂದ ತೆಗೆದು, ಹೋಲ್‌ಸೇಲ್‌ನವರಿಗೆ ಬರಹದಲ್ಲಿ ತಿಳಿಸಿ. ಖರೀದಿ ಬಿಲ್, ಪರೀಕ್ಷಾ ವರದಿ, ನಿಮ್ಮ ಬೋರ್ಡ್‌ನ ಒಂದು ಫೋಟೋ ಒಂದೇ ಕವರ್‌ನಲ್ಲಿ ಎರಡು ವರ್ಷ ಇಡಿ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಇರುವ ಅವಧಿ ಅಷ್ಟು.

ಹೋಳಿ ಮುಗಿದ ಸಂಜೆಯೇ ಉಳಿದ ಬಣ್ಣವನ್ನು ಅರ್ಧ ಬೆಲೆಗೆ ಬಿಡಬೇಡಿ. ಐದನೇ ದಿನ ರಂಗಪಂಚಮಿ. ಉತ್ತರ ಕರ್ನಾಟಕದವರು ಎಷ್ಟೋ ಕಡೆ ಬಣ್ಣ ಆಡುವುದು ಆವತ್ತೇ. ಹಿಂದಿನ ಬೀದಿಯ ಗಿರಾಕಿಗೆ ಬೋರ್ಡ್ ಆವತ್ತಿನವರೆಗೂ ಇರಲಿ. ಅದಾದ ಮೇಲೂ ಉಳಿದ ಒಡೆಯದ ಪ್ಯಾಕೆಟ್ ವಾಪಸ್ ತೆಗೆದುಕೊಳ್ಳುವ ಮಾತನ್ನು ಹೋಲ್‌ಸೇಲ್‌ನವರ ಹತ್ತಿರ ಕೊಳ್ಳುವಾಗಲೇ ಆಡಿ, ಬಿಲ್ ಮೇಲೆ ಬರೆಸಿಕೊಂಡಿರಬೇಕು. ಮುಂದಿನ ವರ್ಷಕ್ಕೆ ಅಂತ ಗೋಡೌನ್‌ನಲ್ಲಿ ಇಡಬೇಡಿ. ಮಳೆಗಾಲದ ತೇವಕ್ಕೆ ಪಿಷ್ಟ ಗಂಟು ಕಟ್ಟಿ ಬೂಸ್ಟು ಹಿಡಿಯುತ್ತದೆ, ಆಮೇಲೆ ಹಳೇ ವರದಿ ಆ ಪುಡಿಗೆ ಅನ್ವಯಿಸುವುದಿಲ್ಲ. ಒಡೆದ ಪ್ಯಾಕೆಟ್, ಹಚ್ಚಿ ನೋಡಲು ಇಟ್ಟ ಡಬ್ಬಿಯ ಬಣ್ಣ ಮೋರಿಗೆ ಸುರಿಯಬೇಡಿ, ಕವರ್‌ನಲ್ಲಿ ಕಟ್ಟಿ ಕಸದ ಗಾಡಿಗೆ ಕೊಡಿ.